ಸ್ಕ್ರಾಲ್ ಡೆಪ್ತ್ ನೋಡಿ ಸುದ್ದಿ ಆರಿಸುವುದು: ಪೇಜ್ ವ್ಯೂಗಿಂತ ಇದು ವಾಸಿಯಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಒಂದು ಕನ್ನಡ ಸುದ್ದಿತಾಣದ ಡೆಸ್ಕ್‌ನಲ್ಲಿ ಉಪಸಂಪಾದಕಿ. ತಾಣದ ಹೆಸರು ಬೇಡ. ಇಷ್ಟು ದಿನ ನಮ್ಮ ಬೆಳಗಿನ ಮೀಟಿಂಗ್ ಶುರುವಾಗುತ್ತಿದ್ದದ್ದು ನಿನ್ನೆಯ ಪೇಜ್ ವ್ಯೂ ಪಟ್ಟಿಯಿಂದ. ಮೇಲಿನ 20 ಸುದ್ದಿ ಯಾವುವು, ಅಂಥದ್ದೇ ಇವತ್ತು ಏನಿದೆ, ಅಷ್ಟೇ ಮಾತು. ಚಿನ್ನದ ಬೆಲೆ, ರಾಶಿಫಲ, ಧಾರಾವಾಹಿ ನಟಿಯ ಫೋಟೊ, ಗೃಹಲಕ್ಷ್ಮಿ ಹಣ ಯಾವಾಗ ಬರುತ್ತದೆ ಅನ್ನುವ ಸುದ್ದಿ. ದಿನಾ ಇವೇ.

ಈಗ ಹೊಸ ನಿಯಮ ಬಂದಿದೆ. ಪೇಜ್ ವ್ಯೂ ಒಂದೇ ಸಾಲದು, ಜನ ಎಷ್ಟು ಕೆಳಗಿನವರೆಗೆ ಸ್ಕ್ರಾಲ್ ಮಾಡಿದರು ಅನ್ನುವುದನ್ನೂ ನೋಡಬೇಕು, ಕೊನೆವರೆಗೂ ಓದಿಸಿಕೊಂಡ ಸುದ್ದಿಗೆ ಆದ್ಯತೆ. ಕೇಳಿದಾಗ ನನಗೆ ಖುಷಿಯೇ ಆಯಿತು. ಆದರೆ ಮೊದಲ ಪಟ್ಟಿ ಬಂದಾಗ ನಟಿಯ ಫೋಟೊ ಸುದ್ದಿ ಅದರಲ್ಲೂ ಮೇಲೆಯೇ ಇತ್ತು! ಒಂದು ತಾಲ್ಲೂಕಿನ ಕುಡಿಯುವ ನೀರಿನ ಬಗ್ಗೆ ನಮ್ಮ ವರದಿಗಾರರು ಹಳ್ಳಿ ಹಳ್ಳಿ ಸುತ್ತಿ ಮಾಡಿದ ವರದಿ ತಳದಲ್ಲಿತ್ತು. ಕೆಆರ್‌ಎಸ್ ನೀರಿನ ಮಟ್ಟದ ಸುದ್ದಿ, ಮಳೆಗಾಲದಲ್ಲಿ ದಿನಾ ಜನ ಹುಡುಕಿಕೊಂಡು ಬರುವ ಸುದ್ದಿ, ಅದೂ ತಳದಲ್ಲೇ. ನೀರಿನ ವರದಿಗೆ ಎರಡನೇ ಭಾಗ ಬರಬೇಕಿತ್ತು. "ಓದುಗರೇ ಓದುತ್ತಿಲ್ಲ, ಮತ್ತೆ ಯಾಕೆ ಬರೆಸುವುದು" ಎಂದು ಅದನ್ನು ನಿಲ್ಲಿಸಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಇದು ನಿಜವಾಗಿ ಓದುಗರು ಹೇಳುತ್ತಿರುವ ಮಾತಾ, ಅಥವಾ ಅಳತೆಯಲ್ಲೇ ಏನೋ ತಪ್ಪಿದೆಯಾ?

ರಾತ್ರಿಪಾಳಿ

ನಾನೂ ಡೆಸ್ಕ್‌ನವನೇ. ನಿಮ್ಮಲ್ಲಿ ಸರಿಯಾದ ದಾರಿಗೇ ಬಂದಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ. ಪೇಜ್ ವ್ಯೂ ಅಂದರೆ ಹೆಡ್ಡಿಂಗ್‌ಗೆ ಬಿದ್ದ ವೋಟು. ಒಳಗೆ ಏನಿದೆ ಎಂದು ಗೊತ್ತಾಗುವ ಮೊದಲೇ ಅದು ಎಣಿಕೆಯಾಗಿಬಿಡುತ್ತದೆ. ಸ್ಕ್ರಾಲ್ ಹಾಗಲ್ಲ, ಸುದ್ದಿಯಲ್ಲಿ ಹುರುಳಿಲ್ಲದಿದ್ದರೆ ಯಾರೂ ಕೆಳಗಿಳಿಯುವುದಿಲ್ಲ, ಹಾಗಾಗಿ ಇದರಲ್ಲಿ ಮೋಸ ಮಾಡಲು ಆಗುವುದಿಲ್ಲ. ಗೂಗಲ್ ಅನಲಿಟಿಕ್ಸ್‌ನಲ್ಲಿ ಶೇ 25, 50, 75, 90 ಎಂದು ಎಲ್ಲ ಹಂತವೂ ತಾನಾಗೇ ಸಿಗುತ್ತದೆ. ಎಲ್ಲಿ ಜನ ಬಿಟ್ಟು ಹೋದರು ಎಂದು ನೋಡಿ ಅಲ್ಲಿ ಬರವಣಿಗೆ ಸರಿಮಾಡಿ. ನೀರಿನ ವರದಿ ಉದ್ದ ಜಾಸ್ತಿ ಆಗಿರಬೇಕು ಮೇಡಂ, ಅಷ್ಟೇ.

ಹಾಸನದ ಹುಡುಗ

ನಾನೊಂದು ಅಡುಗೆ ಬ್ಲಾಗ್ ನಡೆಸುತ್ತೇನೆ. ನಿಮ್ಮ ಪ್ರಶ್ನೆ ಆಡ್‌ಸೆನ್ಸ್ ಬಗ್ಗೆ ತಾನೇ? ರೆಸಿಪಿಯನ್ನು ಕೆಳಗೆ ಹಾಕಿ, ಮೇಲೆ ಒಂದಿಷ್ಟು ಕಥೆ ಬರೆಯಿರಿ. ಜನ ಸ್ಕ್ರಾಲ್ ಮಾಡಲೇಬೇಕಾಗುತ್ತದೆ, ಮಧ್ಯದಲ್ಲಿ ಇರುವ ಜಾಹೀರಾತೆಲ್ಲ ಕಾಣುತ್ತದೆ. ನನಗೆ ಇದರಿಂದ ಆದಾಯ ಸುಧಾರಿಸಿತು. ಸುದ್ದಿಗೂ ಹಾಗೇ ಮಾಡಬಹುದಲ್ವಾ?

ಅಂಕಿ ಅಂಗಡಿ

ಹಾಸನದ ಹುಡುಗ, ಅವರು ಕೇಳಿದ್ದು ಆದಾಯದ ವಿಷಯವಲ್ಲ. ಯಾವ ಸುದ್ದಿ ಮಾಡಬೇಕು, ಯಾವುದು ಬಿಡಬೇಕು ಅನ್ನುವುದನ್ನು ಈ ಅಂಕಿ ನೋಡಿ ತೀರ್ಮಾನಿಸುತ್ತಿದ್ದಾರೆ, ಅದು ಸರಿಯಾ ಅನ್ನುವುದು ಪ್ರಶ್ನೆ. ಆದರೆ ನೀವು ಹೇಳಿದ ಉಪಾಯ ಇಲ್ಲಿಗೆ ತುಂಬಾ ಸಂಬಂಧಪಟ್ಟದ್ದು, ಆಮೇಲೆ ಅದಕ್ಕೆ ಬರುತ್ತೇನೆ.

ನಾನು ಸುದ್ದಿಮನೆಗಳಲ್ಲಿ ಈ ಅಂಕಿಅಂಶಗಳ ಕೆಲಸವನ್ನೇ ಮಾಡಿದವನು. ರಾತ್ರಿಪಾಳಿ ಅವರೇ, ಹೆಡ್ಡಿಂಗ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಉಳಿದದ್ದು ಹಾಗಿಲ್ಲ. ಈಗಿನ ಗೂಗಲ್ ಅನಲಿಟಿಕ್ಸ್ ತಾನಾಗಿ ಕೊಡುವುದು ಒಂದೇ ಹಂತ. ಪುಟದ ಉದ್ದದ ಶೇ 90 ಮೊದಲ ಸಲ ಕಂಡಾಗ `scroll` ಎಂಬ ಈವೆಂಟ್, ಅಂದರೆ ಒಂದು ಸೂಚನೆ, ಒಂದು ಸಲ ಹೋಗುತ್ತದೆ. 25, 50, 75 ಬೇಕೆಂದರೆ ಟ್ಯಾಗ್ ಮ್ಯಾನೇಜರ್‌ನಲ್ಲಿ ಯಾರಾದರೂ ಕೂತು ಹಾಕಬೇಕು. ತುಂಗಾತೀರ ಅವರ ಆಫೀಸಿನಲ್ಲಿ ಯಾರೂ ಹಾಕಿಲ್ಲದಿದ್ದರೆ ಪಟ್ಟಿಯಲ್ಲಿ ಇರುವುದು ಆ 90 ಒಂದೇ.

ಇನ್ನು ಮುಖ್ಯ ವಿಷಯ. ಆ ಶೇ 90 ಯಾವುದರ 90? ಸುದ್ದಿಯದಲ್ಲ, ಪುಟದ್ದು. ಸುದ್ದಿಯ ಕೊನೆ ಸಾಲಿನ ಕೆಳಗೆ ಏನೇನಿದೆ ನೋಡಿ. "ಇದನ್ನೂ ಓದಿ", ಫೋಟೊ ಗ್ಯಾಲರಿಯ ಚೌಕಗಳು, ಜಾಹೀರಾತು, ಕಾಮೆಂಟು, ಅಡಿಯ ಲಿಂಕುಗಳು. ಇವೆಲ್ಲವೂ ಪುಟದ ಉದ್ದಕ್ಕೆ ಸೇರುತ್ತವೆ.

ಲೆಕ್ಕಕ್ಕೆಂದು ಅಂಕಿ ಇಟ್ಟುಕೊಳ್ಳೋಣ, ಇವು ನನ್ನ ಊಹೆಯ ಅಂಕಿ. ಫೋನಿನ ಪರದೆಯ ಎತ್ತರ 800 ಪಿಕ್ಸೆಲ್. ನೀರಿನ ವರದಿ ಮುಗಿಯುವುದು 4,200ರಲ್ಲಿ. ಕೆಳಗಿನ ಸಾಮಾನೆಲ್ಲ ಸೇರಿ ಪುಟ 6,800. ಶೇ 90 ಅಂದರೆ 6,120. ಒಬ್ಬರು ವರದಿಯ ಕೊನೆಯ ಅಕ್ಷರದವರೆಗೂ ಗಮನವಿಟ್ಟು ಓದಿ ಫೋನ್ ಕೆಳಗಿಟ್ಟರು ಅಂದುಕೊಳ್ಳಿ. ಅವರು ಮುಟ್ಟಿದ್ದು 4,200, ಅಂದರೆ ಶೇ 62 ಹತ್ತಿರ. ಈವೆಂಟ್ ಹೋಗಲೇ ಇಲ್ಲ. ನಿಮ್ಮ ಪಟ್ಟಿಯಲ್ಲಿ ಅವರು ಓದದೆ ಹೋದವರು.

ಈಗ ನಟಿಯ ಫೋಟೊ ಸುದ್ದಿ. ನಾಲ್ಕು ಸಾಲು, ಒಂದು ಚಿತ್ರ, ಪುಟ ಒಟ್ಟು 1,700. ಶೇ 90 ಅಂದರೆ 1,530. ತೆರೆದ ಕೂಡಲೇ 800 ಕಂಡಿತು, ಹೆಬ್ಬೆರಳಿನಿಂದ ಒಂದು ಸಲ ತಳ್ಳಿದರೆ ಉಳಿದದ್ದೂ ಆಯಿತು. "ಪೂರ್ತಿ ಓದಿದ" ಪಟ್ಟಿಗೆ ಅದು ಸೇರಿತು. ಓದುಗರಿಗೆ ಏನು ಇಷ್ಟ ಅನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಬರಲೇ ಇಲ್ಲ, ನೋಡಿ. ಎರಡು ಪುಟಗಳ ಉದ್ದವನ್ನು ಹೋಲಿಸಿದ್ದೇವೆ ಅಷ್ಟೇ. ಬೇಕಿದ್ದರೆ ನೀವೇ ನಿಮ್ಮ ಫೋನಿನಲ್ಲಿ ಎರಡೂ ಸುದ್ದಿ ತೆರೆದು ಪಕ್ಕಪಕ್ಕ ಇಟ್ಟು ನೋಡಿ, ಕೊನೆ ಸಾಲು ಮುಗಿದ ಮೇಲೆ ಇನ್ನೂ ಎಷ್ಟು ಸಲ ತಳ್ಳಬೇಕು ಎಂದು.

ತುಂಗಾತೀರ

ಈಗಷ್ಟೇ ನೋಡಿದೆ ಸರ್. ನೀರಿನ ವರದಿ ಮುಗಿದ ಮೇಲೆ "ಇದನ್ನೂ ಓದಿ", ಅದರ ಕೆಳಗೆ ವಿಡಿಯೊ ಪಟ್ಟಿ, ಅದರ ಕೆಳಗೆ ಇನ್ನೊಂದು ಸುದ್ದಿಯೇ ತಾನಾಗಿ ತೆರೆದುಕೊಳ್ಳುತ್ತದೆ! ಅಡಿ ಎಲ್ಲಿದೆ ಎಂದೇ ಸಿಗುವುದಿಲ್ಲ. ಫೋಟೊ ಸುದ್ದಿಯ ಪುಟದ ವಿನ್ಯಾಸವೇ ಬೇರೆ, ಅದರಲ್ಲಿ ಇವು ಯಾವುವೂ ಇಲ್ಲ.

ಅಂಕಿ ಅಂಗಡಿ

ಹಾಗಾದರೆ ಇನ್ನೂ ಕಷ್ಟ. ಮುಂದಿನ ಸುದ್ದಿ ತಾನಾಗಿ ಬಂದು ಸೇರಿದಂತೆ ಪುಟದ ಉದ್ದ ಬೆಳೆಯುತ್ತಾ ಹೋಗುತ್ತದೆ. ಅಂಥ ಪುಟದಲ್ಲಿ ಶೇಕಡಾ ಲೆಕ್ಕಕ್ಕೆ ಅರ್ಥವೇ ಇಲ್ಲ. ಇನ್ನೊಂದನ್ನೂ ನಿಮ್ಮ ತಾಂತ್ರಿಕ ವಿಭಾಗದವರಲ್ಲಿ ಕೇಳಿ. ಎರಡನೇ ಸುದ್ದಿ ತೆರೆದುಕೊಂಡಾಗ ಮೇಲೆ ವಿಳಾಸ ಬದಲಾಗುತ್ತದಾ? ಬದಲಾದರೆ ಅದಕ್ಕೂ ಒಂದು ಪೇಜ್ ವ್ಯೂ ಹೋಗುತ್ತಿರಬಹುದು. ಯಾರೂ ಆರಿಸದ, ಹೆಡ್ಡಿಂಗ್ ಕೂಡ ಓದದ ಸುದ್ದಿಗೆ ಪೇಜ್ ವ್ಯೂ ಬೀಳುತ್ತದೆ. ಆ ಸುದ್ದಿ ನಾಳೆ ಮೀಟಿಂಗಿನ ಪಟ್ಟಿಯಲ್ಲಿ ಮೇಲೆ ಬರುತ್ತದೆ, "ಅಂಥದ್ದೇ ಇನ್ನೊಂದು ಮಾಡಿ" ಎಂದು ಯಾರಿಗೋ ಹೇಳಲಾಗುತ್ತದೆ.

ಅಚ್ಚುಮೊಳೆ

ನಾನು ತಾಲ್ಲೂಕು ವರದಿಗಾರನಾಗಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಪ್ರಸಾರ ಎಷ್ಟು ಅನ್ನುವ ಒಂದೇ ಅಂಕಿ, ಅದು ಇಡೀ ಪತ್ರಿಕೆಗೆ. ಯಾವ ಸುದ್ದಿಯನ್ನು ಯಾರು ಓದಿದರು ಎಂದು ಗೊತ್ತಾಗುತ್ತಿರಲಿಲ್ಲ. ಸಿನಿಮಾ ಪುಟಕ್ಕೆ ಪತ್ರಿಕೆ ಕೊಂಡವನ ದುಡ್ಡಿನಲ್ಲೇ ನನ್ನ ಜಿಲ್ಲಾ ಪಂಚಾಯಿತಿ ಸಭೆಯ ವರದಿಯೂ ಅಚ್ಚಾಗುತ್ತಿತ್ತು. ಈಗ ಒಂದೊಂದು ಸುದ್ದಿಯನ್ನೂ ಬೇರೆ ಬೇರೆ ತೂಗುತ್ತಾರೆ.

ನನಗೆ ಕಾಣುವ ದೊಡ್ಡ ತೊಂದರೆ ಇದು. ಸಭೆಗೆ ಹೋಗಬೇಡಿ, ಓದುವವರಿಲ್ಲ ಅನ್ನುತ್ತಾರೆ. ಹುಡುಗ ಹೋಗುವುದಿಲ್ಲ. ಹೋಗದಿದ್ದರೆ ಸುದ್ದಿ ಸಿಗುವುದಿಲ್ಲ. ಅಲ್ಲಿ ನಾಲ್ಕು ಸಲ ಸುಮ್ನೆ ಕೂತು ಬಂದವನಿಗೆ ಐದನೇ ಸಲ ಟ್ಯಾಂಕರ್ ಬಿಲ್ಲಿನಲ್ಲಿ ಒಂದೇ ಗಾಡಿ ನಂಬರ್ ಎರಡು ಊರಿಗೆ ಒಂದೇ ಹೊತ್ತಿಗೆ ನೀರು ಕೊಟ್ಟಿದೆ ಎಂದು ಕಾಣುತ್ತದೆ. ಆ ನಾಲ್ಕು ಸಲದ ಸುದ್ದಿಗೆ ಯಾವ ಅಂಕಿಯೂ ಬರುವುದಿಲ್ಲ. ಅದಿಲ್ಲದೆ ಐದನೆಯದು ಹುಟ್ಟುವುದೂ ಇಲ್ಲ. ಬರೆಯದ ಸುದ್ದಿಗೆ ನಿಮ್ಮ ಪಟ್ಟಿಯಲ್ಲಿ ಸಾಲು ಎಲ್ಲಿದೆ ಹೇಳಿ.

ರಾತ್ರಿಪಾಳಿ

ಹಿರಿಯರು ಹೇಳಿದ್ದು ಒಪ್ಪುತ್ತೇನೆ. ಆದರೆ ಜಾಹೀರಾತು ಮಾರಾಟವಾಗುವುದು ಎಷ್ಟು ಸಲ ಕಂಡಿತು ಅನ್ನುವ ಲೆಕ್ಕದ ಮೇಲೆ. ಸಂಬಳ ಅದರಿಂದಲೇ ಬರಬೇಕು. ನಾಲ್ಕು ಸಲ ಸುಮ್ನೆ ಕೂತು ಬರುವವರಿಗೆ ಯಾರು ಕೊಡುತ್ತಾರೆ? ಈ ಪ್ರಶ್ನೆ ಬಿಟ್ಟು ಮಾತಾಡಿದರೆ ಆಗುವುದಿಲ್ಲ.

ಮತ್ತೆ ಪುಟದ ಉದ್ದದ ವಿಷಯ ನನಗೆ ಹೊಳೆದಿರಲಿಲ್ಲ, ಸರಿ. ಆದರೆ ಕೆಆರ್‌ಎಸ್ ಸುದ್ದಿ ಚಿಕ್ಕದೇ ಅಲ್ವಾ? ಅದು ಯಾಕೆ ತಳದಲ್ಲಿದೆ?

ಅಂಕಿ ಅಂಗಡಿ

ಒಳ್ಳೆ ಪ್ರಶ್ನೆ. ತುಂಗಾತೀರ ಅವರೇ, ಆ ಸುದ್ದಿ ನಿಮ್ಮಲ್ಲಿ ಹೇಗೆ ಬರೆಯುತ್ತೀರಿ?

ತುಂಗಾತೀರ

ಮೇಲೆಯೇ ಒಂದು ಸಣ್ಣ ಪಟ್ಟಿ. ಇಂದಿನ ಮಟ್ಟ, ಗರಿಷ್ಠ 124.80 ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಕೆಳಗೆ ಕಬಿನಿ, ಹೇಮಾವತಿ, ಹಾರಂಗಿ. ಅದರ ಕೆಳಗೆ ಕೊಡಗಿನ ಮಳೆ. ಪುಟದ ವಿನ್ಯಾಸ ಮಾಮೂಲಿ ಸುದ್ದಿಯದ್ದೇ, ಕೆಳಗೆ ವಿಡಿಯೊ ಪಟ್ಟಿ ಎಲ್ಲ ಇದೆ.

ಅಂಕಿ ಅಂಗಡಿ

ಚೆನ್ನಾಗಿ ಬರೆದಿದ್ದೀರಿ, ಅದಕ್ಕೇ ತಳದಲ್ಲಿದೆ. ಶ್ರೀರಂಗಪಟ್ಟಣದ ಹತ್ತಿರ ಹೊಳೆ ದಡದಲ್ಲಿ ಗದ್ದೆ ಇರುವವರಿಗೆ ಬೇಕಾದದ್ದು ಹೊರಹರಿವು ಎಷ್ಟು ಅನ್ನುವುದು. ತೆರೆದರು, ಕಂಡಿತು, ಮುಚ್ಚಿದರು. ಎಂಟು ಸೆಕೆಂಡು. ಸ್ಕ್ರಾಲ್ ಇಲ್ಲ. ಗೂಗಲ್ ಅನಲಿಟಿಕ್ಸ್‌ನಲ್ಲಿ ಬದಲಾಯಿಸದೆ ಬಿಟ್ಟರೆ ಒಂದು ಭೇಟಿ ಆಸಕ್ತಿಯ ಭೇಟಿ ಎಂದು ಲೆಕ್ಕಕ್ಕೆ ಬರಲು 10 ಸೆಕೆಂಡಾದರೂ ಇರಬೇಕು, ಇಲ್ಲವೇ ಇನ್ನೊಂದು ಪುಟ ತೆರೆಯಬೇಕು, ಅಥವಾ ನೀವು ಮುಖ್ಯವೆಂದು ಗುರುತಿಸಿದ ಏನನ್ನಾದರೂ ಮಾಡಬೇಕು. ಇವರು ಯಾವುದನ್ನೂ ಮಾಡಲಿಲ್ಲ, ಹಾಗಾಗಿ ಬಂದು ಹಾಗೇ ಹೋದವರು ಎಂದು ಸೇರಿಸಿಬಿಟ್ಟಿತು. ಆದರೆ ಅವರು ನಾಳೆ ಮತ್ತೆ ಬರುತ್ತಾರೆ. ನಾಡಿದ್ದೂ ಬರುತ್ತಾರೆ. ಈ ಸುದ್ದಿಗೆ ನೋಡಬೇಕಾದ ಅಂಕಿ ಅದೇ, ಒಂದು ವಾರದಲ್ಲಿ ಎಷ್ಟು ಜನ ಮತ್ತೆ ಬಂದರು ಎಂದು.

ಈಗ ಹಾಸನದ ಹುಡುಗನ ಉಪಾಯಕ್ಕೆ ಬರುತ್ತೇನೆ. ಸ್ಕ್ರಾಲ್ ಅಂಕಿಯನ್ನೇ ಗುರಿ ಎಂದು ಡೆಸ್ಕ್‌ಗೆ ಕೊಟ್ಟರೆ ಅವರು ಮಾಡುವ ಮೊದಲ ಕೆಲಸ ಹೊರಹರಿವಿನ ಅಂಕಿಯನ್ನು ಮೇಲಿನಿಂದ ತೆಗೆದು ಎಂಟನೇ ಪ್ಯಾರಾಕ್ಕೆ ಹಾಕುವುದು. ಮೊದಲ ಏಳು ಪ್ಯಾರಾ ಕಾವೇರಿ ಎಲ್ಲಿ ಹುಟ್ಟುತ್ತಾಳೆ, ಅಣೆಕಟ್ಟು ಕಟ್ಟಿದವರು ಯಾರು ಎಂದೆಲ್ಲ. ಸ್ಕ್ರಾಲ್ ಏರುತ್ತದೆ, ಸಮಯವೂ ಏರುತ್ತದೆ, ಮಧ್ಯದ ಜಾಹೀರಾತೂ ಕಾಣುತ್ತದೆ. ಹೊಳೆ ದಡದವರು ಬೈದುಕೊಂಡು ಹುಡುಕುತ್ತಾರೆ. ಆ ಬೈಗುಳವೂ ಪಟ್ಟಿಯಲ್ಲಿ ಆಸಕ್ತಿ ಎಂದೇ ಬರುತ್ತದೆ. ರಾತ್ರಿಪಾಳಿ ಅವರೇ, ಇದರಲ್ಲಿ ಮೋಸ ಮಾಡಲು ಆಗುವುದಿಲ್ಲ ಎಂದಿರಲ್ಲ, ಇದಕ್ಕಿಂತ ಸುಲಭದ ಮೋಸ ಇಲ್ಲ.

ಮಸ್ಕತ್ ಮಂಗಳೂರು

ನಾನು ಓದುಗಾರ್ತಿ ಮಾತ್ರ, ಪತ್ರಿಕೆಯವಳಲ್ಲ. ಅಂಕಿ ಅಂಗಡಿ ಹೇಳಿದ ಹಾಗೆ ಬರೆಯುವ ತಾಣಗಳು ಈಗಾಗಲೇ ಇವೆ. ಊರಿನಲ್ಲಿ ಅಮ್ಮನಿಗೆ ಗೃಹಲಕ್ಷ್ಮಿಯ 2,000 ಬಂದಿರಲಿಲ್ಲ. ನಾನು ಇಲ್ಲಿಂದ ಹುಡುಕಿದೆ. "ಮಹತ್ವದ ಮಾಹಿತಿ" ಎಂದು ಹೆಡ್ಡಿಂಗ್, ಒಳಗೆ ಯೋಜನೆ ಯಾವಾಗ ಶುರುವಾಯಿತು, ಯಾರು ಅರ್ಹರು, ಯಾವ ದಾಖಲೆ ಬೇಕು, ಎಲ್ಲ ಹಳೇದೇ. ಕೊನೆಯಲ್ಲಿ "ಶೀಘ್ರದಲ್ಲೇ ಜಮೆಯಾಗುವ ಸಾಧ್ಯತೆ". ನಾನು ಅಡಿವರೆಗೂ ಹೋದೆ, ಅಂದರೆ ಅವರ ಪಟ್ಟಿಯಲ್ಲಿ ನಾನು ಒಳ್ಳೆಯ ಓದುಗಾರ್ತಿಯಾ? ಅಂಥ ನಾಲ್ಕು ಸುದ್ದಿ ತೆರೆದೆ, ನಾಲ್ಕರಲ್ಲೂ ಅಡಿವರೆಗೆ ಹೋದೆ, ಏನೂ ಸಿಗಲಿಲ್ಲ. ಕೊನೆಗೆ ಅಂಗನವಾಡಿಯ ಅಕ್ಕನಿಗೆ ಫೋನ್ ಮಾಡಿ ಕೇಳಿದೆ.

ಅಂಕಿ ಅಂಗಡಿ

ಹೌದು, ನೀವು ನಾಲ್ಕು ಪೇಜ್ ವ್ಯೂ, ನಾಲ್ಕು `scroll`. ಎಲ್ಲ ಕಡೆ ನಿಮ್ಮನ್ನು ಗೆಲುವು ಎಂದೇ ಬರೆದುಕೊಂಡಿರುತ್ತಾರೆ. ನಾಳೆ ಬೆಳಿಗ್ಗೆ ಅದೇ ಸುದ್ದಿ ಮತ್ತೊಂದು ಹೆಡ್ಡಿಂಗ್‌ನಲ್ಲಿ ಬರಲು ನಿಮ್ಮ ಹುಡುಕಾಟವೂ ಕಾರಣ. ನಿಮ್ಮದು ತಪ್ಪು ಎಂದಲ್ಲ, ಆ ಅಂಕಿಗೆ ನಿಮ್ಮ ನಿರಾಸೆ ಕಾಣುವುದಿಲ್ಲ.

ಇದೇನು ಕನ್ನಡದ್ದೇ ಸಮಸ್ಯೆಯಲ್ಲ. 2013ರಲ್ಲಿ ಸ್ಲೇಟ್ ಪತ್ರಿಕೆಯಲ್ಲಿ ಫರ್ಹಾದ್ ಮಂಜೂ ಒಂದು ಲೇಖನ ಬರೆದರು. ಚಾರ್ಟ್‌ಬೀಟ್ ಕಂಪನಿಯಿಂದ ಸ್ಲೇಟ್ ಓದುಗರ ಸ್ಕ್ರಾಲ್ ಲೆಕ್ಕವನ್ನೇ ತರಿಸಿ ನೋಡಿದ್ದರು. ಅರ್ಧದ ಆಚೀಚೆಗೇ ತುಂಬಾ ಜನ ಬಿಟ್ಟು ಹೋಗುತ್ತಿದ್ದರು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಎಷ್ಟು ಆಳ ಸ್ಕ್ರಾಲ್ ಮಾಡಿದರು ಅನ್ನುವುದಕ್ಕೂ ಎಷ್ಟು ಜನ ಹಂಚಿಕೊಂಡರು ಅನ್ನುವುದಕ್ಕೂ ಗಟ್ಟಿ ಸಂಬಂಧ ಇರಲಿಲ್ಲ. ಅಂದರೆ ಕ್ಲಿಕ್, ಸ್ಕ್ರಾಲ್, ಶೇರ್ ಮೂರೂ ಬೇರೆ ಬೇರೆ ನಡವಳಿಕೆ. ಒಂದನ್ನು ಅಳೆದು ಇನ್ನೊಂದರ ಬಗ್ಗೆ ಮಾತಾಡಲು ಆಗುವುದಿಲ್ಲ.

ರಾತ್ರಿಪಾಳಿ

ಹಾಗಾದರೆ ಏನನ್ನೂ ಅಳೆಯಬೇಡಿ ಎನ್ನುತ್ತೀರಾ? ಸಂಪಾದಕರ ಮನಸ್ಸಿಗೆ ಬಂದದ್ದು ಹಾಕುವ ಕಾಲಕ್ಕೆ ವಾಪಸ್ ಹೋಗೋಣವಾ? ಅದರಲ್ಲೂ ಯಾವ ಊರಿನ, ಯಾರ ಸುದ್ದಿ ಬರುತ್ತಿತ್ತು, ಯಾರದ್ದು ಬರುತ್ತಿರಲಿಲ್ಲ ಎಂದು ಎಲ್ಲರಿಗೂ ಗೊತ್ತಿದೆ.

ಅಂಕಿ ಅಂಗಡಿ

ಇಲ್ಲ, ಅಳೆಯಿರಿ ಎನ್ನುವವನೇ ನಾನು. ಕೊನೇ ಮಾತು ಕೂಡ ಒಪ್ಪುತ್ತೇನೆ. ಆದರೆ ಪುಟವನ್ನಲ್ಲ, ಸುದ್ದಿಯನ್ನು ಅಳೆಯಿರಿ. ಸುದ್ದಿಯ ಕೊನೆ ಪ್ಯಾರಾದ ಕೆಳಗೆ, ಜಾಹೀರಾತಿಗಿಂತ ಮೇಲೆ, ಕಣ್ಣಿಗೆ ಕಾಣದ ಒಂದು ಗುರುತು ಇಡಿ. ಅದು ಪರದೆಗೆ ಬಂದಾಗ ಒಂದು ಈವೆಂಟ್ ಕಳಿಸಿ. ದೊಡ್ಡ ಕೆಲಸವಲ್ಲ:

```js
const end = document.querySelector('#article-end');
new IntersectionObserver((entries, obs) => {
  if (entries[0].isIntersecting) {
    gtag('event', 'article_end');
    obs.disconnect();
  }
}).observe(end);
```

ಕೆಳಗೆ ಏನೇ ಬಂದು ಸೇರಿಕೊಂಡರೂ ಇದು ಕೆಡುವುದಿಲ್ಲ. ತಾನಾಗಿ ತೆರೆದುಕೊಳ್ಳುವ ಎರಡನೇ ಸುದ್ದಿಗೆ ಬೇರೆ ಗುರುತು ಬೇಕು, ಇಲ್ಲದಿದ್ದರೆ ಮೊದಲನೆಯದು ಮಾತ್ರ ಎಣಿಕೆಯಾಗುತ್ತದೆ.

ಆದರೆ ಇದೊಂದೇ ಸಾಲದು. ನಾಲ್ಕು ಸಾಲಿನ ಸುದ್ದಿಯಲ್ಲಿ ಗುರುತು ತೆರೆದ ಕೂಡಲೇ ಕಾಣುತ್ತದೆ, ಸರ್ರನೆ ತಳ್ಳಿಕೊಂಡು ಹೋದವರೂ ಅದನ್ನು ಮುಟ್ಟುತ್ತಾರೆ. ಅದಕ್ಕೆ ಸಮಯವನ್ನೂ ಜೊತೆಗಿಡಬೇಕು. ಆ ಉದ್ದದ ಸುದ್ದಿ ಓದಲು ಬೇಕಾದ ಹೊತ್ತಿನ ಅರ್ಧವಾದರೂ ಪುಟ ಕಣ್ಮುಂದೆ ಇದ್ದಿರಬೇಕು. ಇಲ್ಲಿ ಕನ್ನಡಕ್ಕೆ ಒಂದು ಎಚ್ಚರಿಕೆ. ಓದುವ ಹೊತ್ತನ್ನು ಲೆಕ್ಕ ಹಾಕುವ ಉಪಕರಣಗಳು ಇಂಗ್ಲಿಷಿನ ಅಂದಾಜಿನಲ್ಲಿ ನಿಮಿಷಕ್ಕೆ 200ರಿಂದ 260 ಪದ ಎಂದು ಇಟ್ಟಿರುತ್ತವೆ. ನಮ್ಮಲ್ಲಿ "ಬರುತ್ತಿರಲಿಲ್ಲವಾದ್ದರಿಂದ" ಎಂಬುದೂ ಒಂದೇ ಪದ. ಅದೇ ಲೆಕ್ಕ ಹಾಕಿದರೆ ಬೇಕಾದ ಹೊತ್ತು ತೀರಾ ಕಡಿಮೆ ಬರುತ್ತದೆ, ಮೇಲೆ ಮೇಲೆ ನೋಡಿ ಹೋದವರೂ ಓದಿದವರಾಗುತ್ತಾರೆ. ಆಫೀಸಿನಲ್ಲೇ ಕೆಲವರನ್ನು ಕೂರಿಸಿ ಓದಿಸಿ, ಅಕ್ಷರದ ಲೆಕ್ಕದಲ್ಲಿ ನಿಮ್ಮದೇ ಅಂದಾಜು ಮಾಡಿಕೊಳ್ಳಿ.

ಇನ್ನೊಂದು, ಓದುಗರು ಎಲ್ಲಿಂದ ಬಂದರು ಎಂದು ಬೇರೆ ಮಾಡಿ ನೋಡಿ. ನಟಿಯ ಸುದ್ದಿಗೆ ನೀವು ನೋಟಿಫಿಕೇಶನ್ ಕಳಿಸಿದಿರಾ? ನೀರಿನ ವರದಿಗೆ ಕಳಿಸಿದಿರಾ?

ತುಂಗಾತೀರ

ಕಳಿಸಿಲ್ಲ ಸರ್. ನೀರಿನ ವರದಿ ಮುಖಪುಟದಲ್ಲೂ ಒಂದು ಗಂಟೆ ಇರಲಿಲ್ಲ, ಜಿಲ್ಲಾ ಪುಟಕ್ಕೆ ಹೋಯಿತು. ನಟಿಯದ್ದಕ್ಕೆ ನೋಟಿಫಿಕೇಶನ್ ಹೋಗಿತ್ತು, ಆಮೇಲೆ ಗೂಗಲ್ ಡಿಸ್ಕವರ್‌ನಲ್ಲೂ ಸಿಕ್ಕಿತು.

ಅಂಕಿ ಅಂಗಡಿ

ಹಾಗಾದರೆ ಅವೆರಡರ ಪೇಜ್ ವ್ಯೂ ಹೋಲಿಸುವುದು ಬಸ್‌ಸ್ಟ್ಯಾಂಡಿನ ಅಂಗಡಿಯನ್ನೂ ಹಿತ್ತಲಿನ ಅಂಗಡಿಯನ್ನೂ ಹೋಲಿಸಿದ ಹಾಗೆ. ನೀವು ತಳ್ಳಿದ್ದು ಓಡಿತು, ತಳ್ಳದ್ದು ನಿಂತಿತು. ಜಿಲ್ಲಾ ಪುಟದಿಂದಲೇ ಬಂದವರನ್ನು ಮಾತ್ರ ತೆಗೆದುಕೊಂಡು, ಅಲ್ಲಿನ ಬೇರೆ ಸುದ್ದಿಗಳ ಜೊತೆ ನೀರಿನ ವರದಿಯನ್ನು ಇಟ್ಟು ನೋಡಿ. ಆಮೇಲೆ ಓದುಗರ ಬಗ್ಗೆ ಏನಾದರೂ ಹೇಳಬಹುದು.

ಅಚ್ಚುಮೊಳೆ

ಆ ತಾಲ್ಲೂಕಿನಲ್ಲಿ ಫೋನಿನಲ್ಲಿ ಸುದ್ದಿ ಓದುವವರೇ ಎಷ್ಟು ಜನ? 40 ಜನ ಓದಿದರು ಅಂದುಕೊಳ್ಳಿ, ಅದರಲ್ಲಿ ಒಬ್ಬರು ತಹಶೀಲ್ದಾರ್, ಒಬ್ಬರು ಕುಡಿಯುವ ನೀರಿನ ಎಂಜಿನಿಯರ್. ಅದಕ್ಕೆ ಏನು ಅಂಕಿ ಕೊಡುತ್ತೀರಿ ಅಣ್ಣ? ನಾನು ಬರೆದ ಎಷ್ಟೋ ಸುದ್ದಿಗೆ ಓದುಗರು ಬೆರಳೆಣಿಕೆ, ಆದರೆ ಬೋರ್‌ವೆಲ್ ರಿಪೇರಿ ಆಯಿತು.

ಅಂಕಿ ಅಂಗಡಿ

ಅದಕ್ಕೆ ನನ್ನಲ್ಲಿ ಅಂಕಿ ಇಲ್ಲ ಸರ್. 40 ಜನರಲ್ಲಿ ಶೇಕಡಾ ಲೆಕ್ಕ ಹಾಕುವುದೂ ತಪ್ಪು. 12 ಜನ ಪೂರ್ತಿ ಓದಿದರೆ ಶೇ 30, ಇನ್ನಿಬ್ಬರು ಓದಿದರೆ 35. ಇಬ್ಬರ ಮೇಲೆ ಸುದ್ದಿಯ ಹಣೆಬರಹ ನಿಲ್ಲುತ್ತದೆ. ಸಣ್ಣ ಸಂಖ್ಯೆಯ ಸುದ್ದಿಗಳನ್ನು ಒಂದೊಂದಾಗಿ ಪಟ್ಟಿಗೆ ಹಾಕಲೇಬಾರದು. ತಿಂಗಳಿಗೊಮ್ಮೆ ಇಡೀ ನೀರಿನ ವಿಷಯವನ್ನು ಒಟ್ಟಿಗೆ ನೋಡಬಹುದು. ಬೋರ್‌ವೆಲ್ ರಿಪೇರಿ ಆಯಿತಾ ಅನ್ನುವುದನ್ನು ಕೈಯಲ್ಲೇ ಬರೆದಿಡಬೇಕು.

ರಾತ್ರಿಪಾಳಿ

ವರದಿಗಾರರಿಗೆ ಈ ಅಂಕಿಯನ್ನೇ ತೋರಿಸದಿದ್ದರೆ ಹೇಗೆ? ಸಂಪಾದಕರು ಮಾತ್ರ ನೋಡಲಿ.

ಅಂಕಿ ಅಂಗಡಿ

ಎರಡೂ ರೀತಿ ನಡೆದಿದೆ. ಕೇಟ್ಲಿನ್ ಪೀಟ್ರಿ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಗಾಕರ್ ಎಂಬ ಸುದ್ದಿತಾಣದಲ್ಲೂ ನ್ಯೂಯಾರ್ಕ್ ಟೈಮ್ಸ್‌ನಲ್ಲೂ ಇದನ್ನೇ ಅಧ್ಯಯನ ಮಾಡಿ 2015ರಲ್ಲಿ ವರದಿ ಕೊಟ್ಟರು. ಗಾಕರ್‌ನಲ್ಲಿ ಗೋಡೆಯ ಮೇಲೆ ದೊಡ್ಡ ಪರದೆ, ಎಲ್ಲರಿಗೂ ಕಾಣುತ್ತಿತ್ತು. ಟೈಮ್ಸ್‌ನಲ್ಲಿ ಆಗ ಬಹುತೇಕ ವರದಿಗಾರರಿಗೆ ಅಂಕಿ ಸಿಗುತ್ತಲೇ ಇರಲಿಲ್ಲ, ಸಂಪಾದಕರಿಗೆ ಮಾತ್ರ. ಆದರೆ ಬಚ್ಚಿಟ್ಟರೆ ಇನ್ನೊಂದು ತೊಂದರೆ. ಸಂಪಾದಕರು ತಮಗೆ ಬೇಕಾದಾಗ "ಅಂಕಿ ಹೀಗೆ ಹೇಳುತ್ತದೆ" ಎನ್ನಬಹುದು, ವರದಿಗಾರರಿಗೆ ವಾದ ಮಾಡಲು ಕೈಯಲ್ಲಿ ಏನೂ ಇರುವುದಿಲ್ಲ. ತುಂಗಾತೀರ ಅವರಿಗೆ ಪಟ್ಟಿ ಕಂಡದ್ದರಿಂದಲೇ ಇಲ್ಲಿ ಬಂದು ಕೇಳಿದರು, ಅಲ್ವಾ? ನಾನು ತೋರಿಸಬೇಕು ಎನ್ನುವ ಕಡೆ.

ರಾತ್ರಿಪಾಳಿ

ನಾನು ಇನ್ನೂ ಒಪ್ಪುವುದಿಲ್ಲ. ಒಂದು ಸಲ ಅಂಕಿ ಕಂಡ ಮೇಲೆ ವರದಿಗಾರ ಯಾರೂ ಹೇಳದೆಯೇ ಸಭೆಗೆ ಹೋಗುವುದು ಬಿಡುತ್ತಾನೆ. ನಮ್ಮಲ್ಲಿ ಕಣ್ಣಾರೆ ನೋಡಿದ್ದೇನೆ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಪಿಕ್ಸೆಲ್ ಲೆಕ್ಕವನ್ನು ನಮ್ಮ ಎರಡು ಪುಟಗಳ ಸ್ಕ್ರೀನ್‌ಶಾಟ್ ಇಟ್ಟು ಮೀಟಿಂಗಿನಲ್ಲಿ ತೋರಿಸಿದೆ. `article_end` ಹಾಕಲು ತಾಂತ್ರಿಕ ವಿಭಾಗದವರು ಒಪ್ಪಿದ್ದಾರೆ. ಕೆಆರ್‌ಎಸ್ ಸುದ್ದಿಯಲ್ಲಿ ಅಂಕಿ ಮೇಲೆಯೇ ಇರುತ್ತದೆ, ಅದನ್ನು ಸ್ಕ್ರಾಲ್ ಪಟ್ಟಿಯಿಂದ ತೆಗೆದಿದ್ದಾರೆ. ನೀರಿನ ವರದಿಯ ಎರಡನೇ ಭಾಗಕ್ಕೆ ಮಾತ್ರ "ಹೊಸ ಅಂಕಿ ಬರಲಿ, ನೋಡೋಣ" ಎಂದರು. ಬೇಸಿಗೆ ಮುಗಿದರೆ ಆ ವರದಿಗೆ ಅರ್ಥವಿಲ್ಲ, ಅದನ್ನೂ ಹೇಳಿದ್ದೇನೆ.

ಅಂಕಿ ಅಂಗಡಿ

ಗುರುತು ಹಾಕಿದ ದಿನಾಂಕವನ್ನು ಶೀಟಿನಲ್ಲಿ ಬರೆದಿಡಿ. ಅದಕ್ಕಿಂತ ಹಿಂದಿನ ಸ್ಕ್ರಾಲ್ ಅಂಕಿಯ ಜೊತೆ ಹೊಸದನ್ನು ಯಾರೂ ಹೋಲಿಸಬಾರದು, ಎರಡೂ ಬೇರೆ ಅಳತೆ. ಮತ್ತೆ ಎರಡನೇ ಭಾಗ ಬಂದರೆ ನೋಟಿಫಿಕೇಶನ್ ಕಳಿಸಲು ಈಗಲೇ ಕೇಳಿಟ್ಟುಕೊಳ್ಳಿ.

ಅಚ್ಚುಮೊಳೆ

ತಂಗಿ, ವರದಿಗಾರನಿಗೆ ಆ ಹಳ್ಳಿಗಳಿಗೆ ಮತ್ತೆ ಹೋಗಲು ಹೇಳು, ಅನುಮತಿ ಆಮೇಲೆ ಸಿಗಲಿ. ಮೇ ತಿಂಗಳ ಟ್ಯಾಂಕರ್ ಬಿಲ್ಲು ಪಂಚಾಯಿತಿಯಲ್ಲಿ ಇರುತ್ತದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ 30 ದಿನದಲ್ಲಿ ಕೊಡಬೇಕು.